ನನ್ನ ಪ್ರೊಫೈಲಿನಲ್ಲಿ ಯಾರೋ ನೋಡಿದ ಕೋರ್ಟು

ನಾನು ಸುಲಭಕ್ಕೆ ನಂಬುವ ಹೆಂಗಸಲ್ಲ. ಶಿರಸಿಯ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಕಾಲ ಕಳೆದವಳಿಗೆ ನಂಬಿಕೊಂಡು ಕೂತರೆ ಗಿಟ್ಟುವುದೂ ಇಲ್ಲ. ರವಿಕೆ ಬಟ್ಟೆ ಒಂದು ಮೀಟರ್ ಇದೆ ಎಂದು ಯಾರಾದರೂ ಕೊಟ್ಟರೆ ಅವರೆದುರೇ ಟೇಪು ಹಿಡಿದು ಅಳೆಯುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಬಟ್ಟೆ ಕಡಿಮೆ ಬಿದ್ದಾಗ ಕದ್ದವಳು ಅನ್ನಿಸಿಕೊಳ್ಳುವುದು ನಾನು ತಾನೆ. ನನ್ನ ಗಂಡ ಇದಕ್ಕೆ ನಗುತ್ತಾರೆ. ದೇವರು ಬಂದು ವರ ಕೊಟ್ಟರೂ ಇವಳು ಅದನ್ನು ತಿರುವಿ ಹಾಕಿ ಹೊಲಿಗೆ ನೋಡುತ್ತಾಳೆ ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಮನೆಗೆ ಹೊಸ ಟೀವಿ ಬಂದದ್ದು ಅವರು ಸೊಸೈಟಿಯ ಕೆಲಸದಿಂದ ನಿವೃತ್ತರಾದ ವರ್ಷ. ಅದರ ಜೊತೆಗೆ ಸಿನಿಮಾ, ಧಾರಾವಾಹಿ ಎಲ್ಲ ಸಿಗುವ ಒಂದು ಆ್ಯಪೂ ಬಂತು. ಅದರ ಖಾತೆ ನನ್ನ ಫೋನ್ ನಂಬರಿನದು. ಒಂದೇ ಹೊತ್ತಿಗೆ ಎರಡು ಕಡೆ ನೋಡಬಹುದು ಎಂದಿದ್ದರಿಂದ ಯಲ್ಲಾಪುರದಲ್ಲಿರುವ ನನ್ನ ನಾದಿನಿ, ಅಂದರೆ ಗಂಡನ ತಂಗಿ, ಅವಳ ಟೀವಿಗೂ ನಮ್ಮದೇ ಪಾಸ್‌ವರ್ಡ್ ಹಾಕಿಕೊಟ್ಟೆವು. ಆ ಮನೆಯಲ್ಲಿ ಅವಳು, ಮಗ, ಬೆಳಗಾವಿ ಕಡೆಯಿಂದ ಬಂದ ಮರಾಠಿ ಸೊಸೆ, ಒಂದು ಪುಟ್ಟ ಮೊಮ್ಮಗು ಇದ್ದರು.

ಹೀಗೆ ಎರಡು ಮನೆಯವರೂ ಒಂದೇ ಹೆಸರಿನಲ್ಲಿ ನೋಡತೊಡಗಿದ ಮೇಲೆ ಆ ಆ್ಯಪಿಗೆ ತಲೆ ಕೆಟ್ಟಿತು. ನಾನು ತೆರೆದರೆ ಸಾಕು, ಮಾತಾಡುವ ರೈಲುಗಾಡಿ, ಕ್ರಿಕೆಟ್ ಆಟಗಾರರ ಜೀವನಚರಿತ್ರೆ, ಮರಾಠಿ ನಾಟಕ, ಹಿಮಾಲಯದ ಹುಲಿ. ನನಗೆ ಬೇಕಾದ ಮಲಯಾಳಂ ಸಿನಿಮಾ ಎಲ್ಲೋ ಅಡಿಯಲ್ಲಿ ಹೂತುಹೋಗಿರುತ್ತಿತ್ತು. ಅರ್ಧ ನೋಡಿಟ್ಟದ್ದನ್ನು ಮರುದಿನ ಹುಡುಕಿದರೆ ಅದರ ಮೇಲೆ ನಾಲ್ಕು ರೈಲುಗಾಡಿ ಹತ್ತಿ ಕೂತಿರುತ್ತಿದ್ದವು. ಅಂಗಡಿಗೆ ಬರುವ ಒಬ್ಬ ಕಾಲೇಜು ಹುಡುಗಿ ಇದನ್ನು ಕೇಳಿ, ಒಬ್ಬೊಬ್ಬರಿಗೆ ಒಂದೊಂದು ಪ್ರೊಫೈಲ್ ಮಾಡಿಬಿಡಿ, ಆಗ ಯಾರು ಏನು ನೋಡಿದರೋ ಅದಕ್ಕೆ ಹೊಂದಿದ್ದನ್ನು ಅವರಿಗೆ ಮಾತ್ರ ತೋರಿಸುತ್ತದೆ ಎಂದಳು.

ಒಂದು ಭಾನುವಾರ ನಾನೇ ಕೂತು ಮಾಡಿದೆ. ಒಂದೊಂದು ಪ್ರೊಫೈಲಿಗೂ ಒಂದು ಪುಟ್ಟ ಚಿತ್ರ, ಮೊದಲನೆಯದು ನನ್ನದು. ಎರಡನೆಯದು ಗಂಡನದು, ಮೂರನೆಯದು ನಾದಿನಿಯದು, ನಾಲ್ಕನೆಯದು ಮಕ್ಕಳ ಪ್ರೊಫೈಲ್. ಹೊಸತಾಗಿ ಮಾಡಿದ ಕೂಡಲೇ ಅದು ನಿಮಗೆ ಇಷ್ಟವಾದ ಮೂರನ್ನು ಆರಿಸಿ ಎಂದು ಕೇಳುತ್ತದೆ. ಗಂಡನದನ್ನು ಅವರೇ ಆರಿಸಿದರು, ಮೂರೂ ಕ್ರಿಕೆಟ್ಟು. ನಾದಿನಿ ಅವಳ ಮನೆಯಲ್ಲಿ ಕೂತು ಅವಳದ್ದನ್ನು ಆರಿಸಿಕೊಂಡಳು. ನನ್ನದಕ್ಕೆ ಬಂದಾಗ ನಾನು ಬಹಳ ಹೊತ್ತು ರಿಮೋಟ್ ಹಿಡಿದುಕೊಂಡೇ ಇದ್ದೆ. ಮದುವೆಯಾಗಿ ಬಂದಾಗಿನಿಂದ ಮಾವನಿಗೆ ಏನು ಸೇರುತ್ತದೆ, ಗಂಡನಿಗೆ ಏನು ಸೇರುವುದಿಲ್ಲ ಎಂದು ನೋಡಿ ನೋಡಿ ಅಡುಗೆ ಮಾಡಿದವಳು ನಾನು. ನಿನಗೇನು ಇಷ್ಟ ಎಂದು ಕೇಳಿದ ಮೊದಲಿಗ ಈ ಟೀವಿಯೇ ಇರಬೇಕು.

ಕೆಲವೇ ದಿನಗಳಲ್ಲಿ ಅದಕ್ಕೆ ನಾನು ಗೊತ್ತಾದೆ. ಮಲಯಾಳಂ ಸಂಸಾರದ ಕಥೆಗಳು, ಹೊಲಿಗೆಯ ಸ್ಪರ್ಧೆ, ಯಾವುದೋ ದೇಶದ ಮುದುಕಿ ಬೆಟ್ಟದ ಮೇಲೆ ಕೂತು ರೊಟ್ಟಿ ಸುಡುವುದು. ಒಂದಾದ ಮೇಲೊಂದು, ಎಲ್ಲ ನನ್ನ ಹದಕ್ಕೆ. ಸಂಜೆ ಅಂಗಡಿ ಮುಚ್ಚಿ ಬಂದು, ಚಹಾ ಲೋಟ ಹಿಡಿದು, ನನ್ನ ಚಿತ್ರದ ಮೇಲೆ ಒತ್ತಿ ಒಳಗೆ ಹೋಗುವಾಗ ತವರಿನ ಬಾಗಿಲು ತೆಗೆದಷ್ಟು ಸುಖವಾಗುತ್ತಿತ್ತು. ಹೇಳಲು ಯಾಕೆ ನಾಚಿಕೆ. ಅದು ನನ್ನದಾಗಿತ್ತು, ಅಲ್ಲಿಗೆ ಬೇರೆಯವರು ಕಾಲಿಡಬಾರದು ಎಂಬ ಆಸೆಯೂ ನನಗಿತ್ತು.

ಆದರೆ ಕಾಲಿಟ್ಟರು.

ಬೇಸಿಗೆಯ ಆರಂಭ ಇರಬೇಕು. ಒಂದು ಸಂಜೆ ನನ್ನ ಪ್ರೊಫೈಲ್ ತೆರೆದರೆ, ಅರ್ಧ ನೋಡಿಟ್ಟವುಗಳ ಸಾಲಿನಲ್ಲಿ ಒಂದು ಕನ್ನಡ ಸಿನಿಮಾ ಕೂತಿತ್ತು. ಕಪ್ಪು ಕೋಟಿನ ವಕೀಲರು ಎದುರುಬದುರು ನಿಂತು ವಾದ ಮಾಡುವಂಥದ್ದು. ನಾನು ಅದನ್ನು ಮುಟ್ಟಿದವಳೇ ಅಲ್ಲ. ಕೈತಪ್ಪಿ ಯಾರೋ ಒತ್ತಿರಬಹುದು ಎಂದು ಪಟ್ಟಿಯಿಂದ ತೆಗೆದೆ. ಮೂರ್ನಾಲ್ಕು ದಿನ ಬಿಟ್ಟು ಇನ್ನೊಂದು ಕೋರ್ಟಿನ ಸಿನಿಮಾ ಬಂತು. ಅದನ್ನೂ ತೆಗೆದೆ. ಅಷ್ಟರಲ್ಲಿ ಆ್ಯಪು, ನೀವು ಇದನ್ನು ನೋಡಿದ್ದರಿಂದ ಇವೂ ಹಿಡಿಸಬಹುದು ಎಂದು ಒಂದು ಉದ್ದ ಸಾಲನ್ನೇ ಹಾಸಿಬಿಟ್ಟಿತು. ಅಣ್ಣತಮ್ಮಂದಿರ ಆಸ್ತಿ ಜಗಳ, ಸುಳ್ಳು ಉಯಿಲು, ಡೈವೋರ್ಸು, ಸಾಕ್ಷಿ ಹೇಳಲು ಬಂದು ಸತ್ತವನು. ರೊಟ್ಟಿ ಸುಡುವ ಮುದುಕಿ ಕೆಳಕ್ಕೆ ಜಾರಿದ್ದಳು.

ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ನಿಧಾನವಾಗಿ ಸಂಶಯ ಹೊಕ್ಕಿತು. ಅದಕ್ಕೆ ಕಾರಣವೂ ಇತ್ತು.

ಮಾವ ತೀರಿಕೊಂಡ ಮೇಲೆ ಮತ್ತಿಘಟ್ಟದ ಕಡೆಯ ತೋಟ ಗಂಡನ ಹೆಸರಿಗೆ ಆಗುವುದೊಂದು ಬಾಕಿ ಇತ್ತು. ನಮ್ಮಲ್ಲಿ ತೋಟ ಗಂಡುಮಕ್ಕಳಿಗೆ ಉಳಿಯುವುದು, ಹೆಣ್ಣುಮಕ್ಕಳು ನನಗೆ ಪಾಲು ಬೇಡ ಎಂದು ಸಹಿ ಹಾಕಿಕೊಡುವುದು ಹಿಂದಿನಿಂದ ನಡೆದುಬಂದದ್ದು. ಈಗ ಕಾನೂನು ಬೇರೆ. ಹೆಣ್ಣುಮಗಳು ಕೇಳಿದರೆ ಸಮಪಾಲು. ನಾದಿನಿ ತಾನಾಗಿಯೇ ಸಹಿ ಹಾಕುತ್ತೇನೆ ಎಂದಿದ್ದಳು. ಆದರೆ ಶಿರಸಿಗೆ ಬರುವ ದಿನ ಹತ್ತಿರವಾದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ಸೊಂಟ ನೋವು, ಒಮ್ಮೆ ಯಾರದೋ ಉಪನಯನ, ಮತ್ತೊಮ್ಮೆ ಕಾರಣವನ್ನೂ ಸರಿಯಾಗಿ ಹೇಳಲಿಲ್ಲ. ಸಹಿ ಹಾಕಲು ಬರದವಳು, ನಮ್ಮದೇ ಖಾತೆಯಲ್ಲಿ ಕೂತು ಕೋರ್ಟು ನೋಡುತ್ತಿದ್ದಾಳೆ ಎಂದರೆ ಏನರ್ಥ?

ಅಷ್ಟಕ್ಕೇ ನಾನು ತೀರ್ಮಾನಕ್ಕೆ ಬಂದವಳಲ್ಲ. ಟೇಪು ಹಿಡಿದು ಅಳೆಯುವುದು ನನ್ನ ಸ್ವಭಾವ ಎಂದೆನಲ್ಲ. ಒಂದು ದಿನ ಸಾಲಿಗೆ ಮತ್ತೆ ಬಂದ ಕೋರ್ಟಿನ ಸಿನಿಮಾವೊಂದನ್ನು ತೆಗೆಯದೆ, ಅದು ನಿಂತಿದ್ದ ಕಡೆಯಿಂದಲೇ ಹಾಕಿ ನೋಡಿದೆ. ವಕೀಲ ಕನ್ನಡದಲ್ಲಿ ಮಾತಾಡುತ್ತಿದ್ದಾನೆ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದೆ. ಮಲಯಾಳಂ ನೋಡುವಾಗ ನಾನೂ ಆ ಅಕ್ಷರ ಹಾಕಿಕೊಳ್ಳುತ್ತೇನೆ, ಅದು ಬೇರೆ. ಕನ್ನಡ ಮಾತಿಗೆ ಇಂಗ್ಲಿಷ್ ಅಕ್ಷರ ಯಾರಿಗೆ ಬೇಕು? ನಾನು ತೆಗೆದರೆ ಮತ್ತೆ ಎರಡು ದಿನಕ್ಕೆ ಅಕ್ಷರ ವಾಪಸು ಬರುತ್ತಿತ್ತು. ಕನ್ನಡ ಪೂರಾ ತಿಳಿಯದವರು ಯಾರಾದರೂ ನೋಡುತ್ತಿರಬೇಕು. ಆಗ ನನಗೆ ಬೆಳಗಾವಿಯ ಸೊಸೆ ಹೊಳೆದಳು. ಅತ್ತೆ, ಸೊಸೆ ಇಬ್ಬರೂ ಕೂತು ಪಾಲಿನ ಲೆಕ್ಕ ಹಾಕುತ್ತಿದ್ದಾರೆ, ತಮ್ಮ ಪ್ರೊಫೈಲಿನಲ್ಲಿ ನೋಡಿದರೆ ಸಿಕ್ಕಿಬೀಳುತ್ತೇವೆಂದು ನನ್ನದಕ್ಕೆ ನುಗ್ಗಿದ್ದಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದುಕೊಂಡೆ.

ಪ್ರೊಫೈಲಿಗೆ ನಾಲ್ಕಂಕಿಯ ಬೀಗ ಹಾಕಬಹುದು ಎಂದು ನನಗೆ ಗೊತ್ತಿತ್ತು. ಬೇಕೆಂದೇ ಹಾಕಲಿಲ್ಲ. ಬೀಗ ಹಾಕಿದರೆ ಕಳ್ಳರು ಜಾಗ್ರತೆಯಾಗುತ್ತಾರೆ, ಹಿಡಿಯುವುದು ಆಗುವುದಿಲ್ಲ.

ಗಂಡನ ಹತ್ತಿರ ಒಂದು ಸಲ ಮಾತು ತೆಗೆದೆ. ಅವರು ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಾ ಕೂತಿದ್ದರು.

"ನಿಂಗ್ಳ ತಂಗಿ ಸಹಿ ಹಾಕ್ತಿಲ್ಲೆ ಅನ್ಸ್ತು ಎಂಗೆ. ಮನಸಲ್ಲಿ ಬೇರೆ ಎಂತದೋ ಇದ್ದು" ಎಂದೆ.

ಅವರು ತಲೆಯೆತ್ತಿ ನನ್ನ ಮುಖ ನೋಡಿ, "ಹೂಂ, ಮಾಡನ ಬಿಡು" ಎಂದರು.

ಏನು ಮಾಡೋಣ, ಯಾವುದನ್ನು ಮಾಡೋಣ, ಒಂದೂ ಇಲ್ಲ. ತಂಗಿಯ ಮೇಲೆ ಒಂದು ಮಾತು ಹೇಳಿದರೂ ಇವರಿಗೆ ಕಿವಿಯೊಳಗೆ ಹೋಗುವುದಿಲ್ಲ ಎಂದು ಉರಿದುಹೋಯಿತು. ಆ ವರ್ಷ ನಾದಿನಿಯ ಮನೆಗೆ ಅಪ್ಪೆಮಿಡಿಯನ್ನೂ ಕಳಿಸಲಿಲ್ಲ. ಉಪ್ಪಿನಕಾಯಿಗೆಂದು ಪ್ರತಿವರ್ಷ ತವರಿನ ಮಿಡಿ ಅವಳಿಗೆ ಹೋಗುತ್ತಿತ್ತು. ಈ ಸಲ ಮರ ಸರಿಯಾಗಿ ಬಿಟ್ಟಿಲ್ಲ ಎಂದೆ. ಮರ ಚೆನ್ನಾಗಿಯೇ ಬಿಟ್ಟಿತ್ತು.

ಕೊನೆಗೊಂದು ದಿನ ಹೊಸದಾಗಿ ಇನ್ನೊಂದು ಸಿನಿಮಾ, ತಂಗಿ ಅಣ್ಣನ ಮೇಲೆ ದಾವೆ ಹಾಕುವ ಕಥೆಯದು, ನನ್ನ ಸಾಲಿನ ಮೊದಲಿಗೇ ಬಂದು ಕೂತಿತು. ನನಗೆ ತಡೆಯಲಾಗಲಿಲ್ಲ. ಪಾಸ್‌ವರ್ಡ್ ಬದಲಿಸಿದೆ. ಎಲ್ಲ ಕಡೆಯಿಂದ ಹೊರಹಾಕು ಎಂಬುದನ್ನು ಒತ್ತಿದೆ. ಅಷ್ಟಕ್ಕೂ ಸಮಾಧಾನವಾಗದೆ ನಾದಿನಿಯ ಪ್ರೊಫೈಲನ್ನೇ ಅಳಿಸಿದೆ. ಅಳಿಸಿದರೆ ಇದುವರೆಗೆ ನೋಡಿದ್ದರ ನೆನಪೆಲ್ಲ ಹೋಗುತ್ತದೆ, ಮರಳಿ ಬರುವುದಿಲ್ಲ ಎಂದು ಅದು ಎಚ್ಚರಿಸಿತು. ಹೋಗಲಿ ಎಂದೆ. ಮಕ್ಕಳ ಪ್ರೊಫೈಲನ್ನು ಮಾತ್ರ ಬಿಟ್ಟೆ, ಮಗುವಿನ ಮೇಲೆ ನನಗೇನು ದ್ವೇಷ.

ಮರುದಿನ ಅಂಗಡಿಯಲ್ಲಿದ್ದಾಗ ನಾದಿನಿಯ ಫೋನ್ ಬಂತು.

"ಅತ್ತಿಗೆ, ಟೀವಿಲಿ ಎಂತದೂ ಬತ್ತಿಲ್ಲೆ. ಪಾಸ್‌ವರ್ಡ್ ಕೇಳ್ತು. ನಿಂಗ್ಳಲ್ಲೂ ಹಾಂಗೇ ಆಜಾ?"

"ಇಲ್ಲೆ, ಆನೇ ತೆಗ್ದಿ" ಎಂದೆ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ, ಹಾಗಾಗಿ ಮುಂದಿನದೂ ಬಾಯಿಗೆ ಬಂತು. "ಎನ್ನ ಹೆಸರಲ್ಲಿ ಕೋರ್ಟು ಕಚೇರಿ ನೋಡದು ಎಂತಕ್ಕೆ? ಪಾಲು ಬೇಕಿದ್ರೆ ನೇರ ಕೇಳು ತಂಗಿ. ಕದ್ದು ಕಲಿಯದು ಬ್ಯಾಡ."

ಆ ಕಡೆ ಮಗು ಅಳುವುದು ಮಾತ್ರ ಕೇಳುತ್ತಿತ್ತು.

"ಆನು ನಿನ್ನ ಚಿತ್ರ ಯಾವತ್ತೂ ಒತ್ತಿದ್ನಿಲ್ಲೆ ಅತ್ತಿಗೆ" ಎಂದಳು.

"ಹಂಗಾರೆ ಸಹಿ ಹಾಕಲೆ ಎಂತಕ್ಕೆ ಬತ್ತಿಲ್ಲೆ?"

ಅವಳು ಏನೋ ಹೇಳಹೊರಟು ಮಧ್ಯದಲ್ಲೇ ಬಿಟ್ಟಳು. ಆಮೇಲೆ, "ಅಣ್ಣಯ್ಯನ್ನ ಒಂದು ಮಾತು ಕೇಳು" ಎಂದು ಫೋನ್ ಇಟ್ಟಳು.

ಅಣ್ಣನನ್ನು ಕೇಳಬೇಕಂತೆ. ಅಣ್ಣ ತಂಗಿ ಸೇರಿ ನನ್ನನ್ನು ನಡುವೆ ಕೂರಿಸಿ ಆಟ ಆಡಿಸುತ್ತಿದ್ದಾರೆ ಎಂದುಕೊಂಡೆ. ಅವರನ್ನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವಂತೆ ಅವಳು ತಡವರಿಸಿದ್ದೇ ನನಗೆ ಸಾಕ್ಷಿಯಾಯಿತು.

ಒಂದು ವಾರ ನನ್ನ ಸಾಲು ಸ್ವಚ್ಛವಾಗಿತ್ತು. ನನ್ನ ಲೆಕ್ಕ ಸರಿಯಾಯಿತು ಎಂದು ಹಿಗ್ಗಿದ್ದೆ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ತೆರೆದರೆ, ಅದೇ ಕಪ್ಪು ಕೋಟು. ತಂಗಿ ದಾವೆ ಹಾಕುವ ಅದೇ ಸಿನಿಮಾ, ಇನ್ನೊಂದಿಷ್ಟು ಮುಂದಕ್ಕೆ ಹೋಗಿತ್ತು. ಅಡಿಯಲ್ಲಿ ಇಂಗ್ಲಿಷ್ ಅಕ್ಷರ.

ಹೊಸ ಪಾಸ್‌ವರ್ಡ್ ಯಲ್ಲಾಪುರಕ್ಕೆ ಹೋಗಿರಲಿಲ್ಲ. ನಮ್ಮ ಟೀವಿಗೆ ಮಾತ್ರ ನಾನು ಹಾಕಿದ್ದೆ. ನಮ್ಮ ಮನೆಯಲ್ಲಿ ಇರುವವರು ಇಬ್ಬರು. ಒಬ್ಬಳು ನಾನು.

ಆ ಸಂಜೆ ಊಟ ಬಡಿಸುವಾಗ ಗಂಡನ ಮುಖವನ್ನು ಹೊಸಬರ ಮುಖದಂತೆ ನೋಡಿದೆ. ಹೊತ್ತಿಗೆ ಸರಿಯಾಗಿ ಉಣ್ಣುವ, ಮಾತಿಗೆಲ್ಲ ಹೂಂ ಎನ್ನುವ, ತಾಳಮದ್ದಲೆ ಎಂದರೆ ಪ್ರಾಣ ಬಿಡುವ ಮನುಷ್ಯ. ವೇಷ ಕುಣಿತ ಒಂದೂ ಇಲ್ಲದೆ, ಪಂಚೆ ಶಲ್ಯದಲ್ಲಿ ಎದುರುಬದುರು ಕೂತು, ಭಾಗವತರ ಪದ್ಯ ಮುಗಿದ ಕೂಡಲೇ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಪುರಾಣದ ಪಾತ್ರವಾಗಿ ವಾದ ಮಾಡುವುದು ತಾಳಮದ್ದಲೆ. ಸಿದ್ದಾಪುರದ ಕಡೆಯವರು ಇವರನ್ನು ಬಿಟ್ಟರೆ ಕೂಟ ಮಾಡುವುದಿಲ್ಲ ಎನ್ನುತ್ತಿದ್ದ ಕಾಲವಿತ್ತು. ಇತ್ತೀಚೆಗೆ ಮಾತ್ರ ಒಂದು ದೂರು ನನ್ನ ಅಂಗಡಿಯವರೆಗೂ ಬಂದಿತ್ತು. ಎದುರಿನವರಿಗೆ ಬಾಯಿ ತೆಗೆಯಲು ಬಿಡುವುದಿಲ್ಲ, ತಾನೊಬ್ಬನೇ ಮಾತಾಡುತ್ತಾನೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಅಹಂಕಾರ ಬಂದಿದೆ ಎಂದು. ನಿವೃತ್ತಿಯಾದ ಮೇಲೆ ಗಂಡಸರಿಗೆ ಹಾಗಾಗುತ್ತದೆ ಎಂದು ಬಿಟ್ಟಿದ್ದೆ. ಈಗ ಅದೂ ಸಂಶಯದ ಬುಟ್ಟಿಗೆ ಬಿತ್ತು. ತಂಗಿಯ ಮೇಲೆ ತಾವೇ ದಾವೆ ಹಾಕಲು ಹೊರಟಿದ್ದಾರೆಯೋ, ಇಲ್ಲಾ ನನ್ನ ಮೇಲೆಯೋ? ಡೈವೋರ್ಸಿನ ಸಿನಿಮಾವೂ ಆ ಸಾಲಿನಲ್ಲಿತ್ತಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸಿನಲ್ಲಿ ಇಂಥದ್ದನ್ನು ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ನಿಲ್ಲಲಿಲ್ಲ.

ಅವರು ತಿಂಗಳಿಗೊಮ್ಮೆ ಯಲ್ಲಾಪುರದ ಕಡೆ ಕೂಟ ಇದೆ ಎಂದು ಬೆಳಗಿನ ಬಸ್ಸಿಗೇ ಹೋಗುತ್ತಿದ್ದುದೂ ನೆನಪಾಯಿತು. ತಾಳಮದ್ದಲೆ ಸಂಜೆಯ ಮೇಲೆ ತಾನೆ. ಬೆಳಗಿನ ಬಸ್ಸು ಯಾಕೆ?

ನೋಡಿದ್ದರ ಪಟ್ಟಿಯಲ್ಲಿ ತಾರೀಖು ಇರುತ್ತದೆ. ಎಲ್ಲವೂ ನಾನು ಅಂಗಡಿಗೆ ಹೋದ ದಿನಗಳೇ. ಹಾಗಾಗಿ ಒಂದು ಬುಧವಾರ ಊಟದ ಡಬ್ಬಿ ಹಿಡಿದು ಎಂದಿನಂತೆ ಹೊರಟೆ. ಅಂಗಡಿ ತೆಗೆದೆ, ಒಂದೆರಡು ರವಿಕೆಗೆ ಕಾಜಾ ಮಾಡಿದೆ, ಮಧ್ಯಾಹ್ನದ ಬಿಸಿಲಿಗೆ ಶಟರ್ ಎಳೆದು ಮನೆಗೆ ವಾಪಸು ಬಂದೆ. ಮುಂಬಾಗಿಲು ಬಿಟ್ಟು ಬಚ್ಚಲಮನೆಯ ಕಡೆಯಿಂದ ಒಳಗೆ ಹೋದೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಸ್ವಂತ ಮನೆಗೆ ಕಳ್ಳಿಯಂತೆ ನುಗ್ಗಿದ್ದು ಅದೊಂದೇ ಸಲ.

ಟೀವಿ ನಡೆಯುತ್ತಿತ್ತು. ಶಬ್ದ ಇರಲಿಲ್ಲ. ಪೂರ್ತಿ ಬಂದ್ ಮಾಡಿದ್ದರು. ಅವರು ಸೋಫಾ ಬಿಟ್ಟು ಅಡುಗೆಮನೆಯ ಮಣೆ ತಂದು ಟೀವಿಯ ಬುಡದಲ್ಲೇ ಕೂತಿದ್ದರು. ಪರದೆಯ ತುಂಬ ಒಬ್ಬ ವಕೀಲನ ಮುಖ. ಅವನು ಒಂದು ಮಾತು ಹೇಳುತ್ತಾನೆ, ಕೆಳಗೆ ಅದರ ಅರ್ಥ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ಇವರು ರಿಮೋಟಿನಿಂದ ಹಿಂದಕ್ಕೆ ತಂದು, ಈ ಸಲ ಅಕ್ಷರದ ಜಾಗವನ್ನು ಎಡಗೈಯಿಂದ ಮುಚ್ಚಿಕೊಂಡು, ಅವನ ತುಟಿಯನ್ನು ಮಾತ್ರ ನೋಡಿ ಅದನ್ನೇ ತಮ್ಮ ಬಾಯಲ್ಲಿ ಹೇಳುತ್ತಾರೆ. ಕೈ ತೆಗೆದು ಅರ್ಥ ಕೂಡುತ್ತದೋ ಎಂದು ನೋಡುತ್ತಾರೆ. ಮತ್ತೆ ಹಿಂದಕ್ಕೆ.

"ಎಂತ ಮಾಡ್ತಾ ಇದ್ರಿ?" ಎಂದೆ.

ತಿರುಗಲಿಲ್ಲ.

ಇನ್ನೊಮ್ಮೆ ಕೇಳಿದೆ. ತಿರುಗಲಿಲ್ಲ. ಚಪ್ಪಲಿ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಆಗಲೂ ತಿರುಗಲಿಲ್ಲ. ನಾನು ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟೆ. ಅವರು ಬೆಚ್ಚಿ, ಮಣೆಯ ಮೇಲಿಂದ ಅರ್ಧ ಎದ್ದು, ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿದವರಂತೆ ನನ್ನ ಮುಖ ನೋಡಿದರು. ಮುಖ ಅಂದೆ, ಅಲ್ಲ. ಅವರು ನನ್ನ ತುಟಿ ನೋಡುತ್ತಿದ್ದರು. ಎಷ್ಟು ಕಾಲದಿಂದ ನನ್ನ ತುಟಿ ನೋಡುತ್ತಿದ್ದರೋ. ಹೇಳಿದ್ದಕ್ಕೆಲ್ಲ ಹೂಂ ಎನ್ನುವಷ್ಟು ಗಂಡ ಪಳಗಿದ್ದಾರೆ ಎಂದು ನಾನು ಒಳಗೊಳಗೇ ಖುಷಿಪಟ್ಟುಕೊಂಡಿದ್ದೆ. ಹೂಂ ಎಂದರೆ ಕೇಳಲಿಲ್ಲ ಎಂದು ಅರ್ಥ.

"ದನಿ ಕೇಳ್ತು, ಮಾತು ಬಿಡಿಸಿ ಕೇಳ್ತಿಲ್ಲೆ" ಎಂದರು, ನಾನು ಏನೂ ಕೇಳುವ ಮೊದಲೇ. "ಮದ್ದಲೆ ಕೇಳ್ತು, ಬಸ್ಸು ಕೇಳ್ತು. ಎದುರಿಗೆ ಕೂತವ ಎಂತ ಹೇಳ್ದ ಹೇಳದು ಮಾತ್ರ ಗೊತ್ತಾಗ್ತಿಲ್ಲೆ."

"ಅದ್ಕೆ ಕೋರ್ಟಾ?"

"ಕೋರ್ಟಲ್ಲಿ ಒಬ್ಬ ಮಾತಾಡಿದ ಮೇಲೇ ಇನ್ನೊಬ್ಬ ಮಾತಾಡ್ತ. ಮುಖ ದೊಡ್ಡಕ್ಕೆ ಕಾಣ್ತು. ನಮ್ಮ ಕೂಟದ ಹಾಂಗೇ ಅಲ್ದಾ."

ನನ್ನ ಪ್ರೊಫೈಲೇ ಯಾಕೆ ಎಂದು ಕೇಳಿದೆ. ಆಗಲೂ ನನಗೆ ಅದೇ ಮುಖ್ಯವಾಗಿತ್ತು ಎಂದು ಈಗ ನೆನೆದರೆ ನಗು ಬರುತ್ತದೆ. ಅವರ ಪ್ರೊಫೈಲಿನಲ್ಲಿ ಅಕ್ಷರ ಹಾಕಿದರೆ ಅದು ಹಾಗೇ ನಿಲ್ಲುತ್ತದೆ. ಭಾನುವಾರ ಕೂಟದ ಗೆಳೆಯರು ಕ್ರಿಕೆಟ್ ಕಥೆ ನೋಡಲು ಬಂದಾಗ ಅವರೆದುರು ಅದು ಕಾಣುತ್ತದೆ. ಕನ್ನಡ ಸಿನಿಮಾವೂ ಅಕ್ಷರದೊಂದಿಗೇ ತೆರೆದುಕೊಂಡರೆ, ಇದು ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನದರಲ್ಲಿ ಮಲಯಾಳಂ ಕಾರಣಕ್ಕೆ ಅಕ್ಷರ ಇದ್ದೇ ಇರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ ಎಂದು ಅವರ ಎಣಿಕೆ. ಯಾರಿಗೂ ಬರುವುದಿಲ್ಲವಂತೆ, ನಾನಿರುವ ಮನೆಯಲ್ಲಿ.

ನಾನು ಟೀವಿ ಆರಿಸಿ ಎದುರಿಗೆ ಕೂತೆ. ನಿಧಾನವಾಗಿ, ತುಟಿ ಕಾಣುವಂತೆ ಹೇಳಿದೆ, "ಡಾಕ್ಟರಿಗೆ ತೋರ್ಸನ."

"ತೋರ್ಸಾಜು. ಹುಬ್ಬಳ್ಳಿಲಿ."

"ಯಾವಾಗ? ಯಾರ ಜೊತಿಗೆ?"

ಅವರು ಕಣ್ಣು ತಗ್ಗಿಸಿದರು. "ತಂಗಿ ಕರ್ಕಂಡು ಹೋತು. ಸಹಿ ಹಾಕಲೆ ಬತ್ತೆ ಹೇಳಿದ ದಿನವೇ ಡಾಕ್ಟರ ತಾರೀಖೂ ಬರ್ತಿತ್ತು. ಡಾಕ್ಟರು ಕೇಳಿದ್ದು ಎಂಗೆ ಕೇಳ್ತಿಲ್ಲೆ, ತಂಗಿ ಜೊತಿಗೆ ಇರಕಾಗಿತ್ತು. ಯಾರಿಗೂ ಹೇಳಡ ಹೇಳಿ ಆನೇ ಆಣೆ ಹಾಕ್ಸಿದ್ದಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬರೆ ಎಳೆದ ಕೈ ನನ್ನದೇ ಆಗಿತ್ತು. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನಾದಿನಿಯ ಬಗ್ಗೆ ಮರುಕಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಕಿವಿ ಹೋಗುತ್ತಿದೆ ಎಂದು ತಂಗಿಗೆ ಹೇಳಬಹುದು, ಪಕ್ಕದಲ್ಲಿ ಬಾಳಿದವಳಿಗೆ ಹೇಳಬಾರದು. ಹಾಗೆಂದು ಕೇಳಿಯೂಬಿಟ್ಟೆ.

"ನಿಂಗೆ ಹೇಳಿದ್ರೆ ಅವತ್ತಿಂದ ನೀನು ಅಳತೆ ಮಾಡ್ತೆ" ಎಂದರು. "ಇದು ಕೇಳ್ಚಾ, ಅದು ಕೇಳ್ಚಾ ಹೇಳಿ. ಎಂಗೆ ಮನೇಲಾದ್ರೂ ಕೆಪ್ಪ ಆಗದು ಬ್ಯಾಡಾಗಿತ್ತು."

ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಆಮೇಲಿನದು ಹೆಚ್ಚು ಹೇಳುವುದಿಲ್ಲ. ಕಿವಿಗೆ ಹಾಕುವ ಯಂತ್ರ ಬಂತು. ಅದನ್ನು ಹಾಕಿಕೊಂಡು ಕೂಟದಲ್ಲಿ ಕೂರಲು ಅವರು ಒಪ್ಪಲು ಮಳೆಗಾಲ ಕಳೆಯಬೇಕಾಯಿತು. ನಾದಿನಿಗೆ ನಾನೇ ಫೋನ್ ಮಾಡಿದೆ. ತಪ್ಪಾಯಿತು ಎನ್ನುವ ಮಾತು ನನ್ನ ಗಂಟಲಲ್ಲಿ ಸಲೀಸಾಗಿ ಬರುವಂಥದ್ದಲ್ಲ, ಆದರೂ ಹೇಳಿದೆ. ಹೊಸ ಪಾಸ್‌ವರ್ಡನ್ನೂ ಹೇಳಹೋದೆ. ಅವಳು ಬರೆದುಕೊಳ್ಳಲಿಲ್ಲ.

"ಎಂಗೆ ಟೀವಿ ಬ್ಯಾಡ ಅತ್ತಿಗೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಸಹಿ ಹಾಕಲೆ ಯಾವಾಗ ಬರಕ್ಕು ಹೇಳು."

ಅವಸರವಿಲ್ಲ, ಈಗ ಬೇಡವೇ ಬೇಡ ಎಂದರೂ ಕೇಳಲಿಲ್ಲ. ಸೋಮವಾರ ಮಗನ ಜೊತೆ ಬಂದಳು, ಕಚೇರಿಯಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ಮಗನಿಗೆ ಪೇಟೆಯಲ್ಲಿ ಕೆಲಸವಿತ್ತು. ಅವಳು ಅಣ್ಣನ ಜೊತೆ ನಡೆದು ಮನೆಗೆ ಬಂದಳು. ಅವರ ಬಲಗಿವಿ ಸ್ವಲ್ಪ ವಾಸಿ ಎಂದು ನನಗೆ ಗೊತ್ತಾದದ್ದು ಅವಳು ದಾರಿಯುದ್ದಕ್ಕೂ ಅವರ ಬಲಕ್ಕೇ ನಡೆದು ಬಂದದ್ದನ್ನು ಬಾಗಿಲಿಂದ ನೋಡಿದಾಗ.

ಊಟವಾದ ಮೇಲೆ ಅಣ್ಣ ತಂಗಿ ಇಬ್ಬರೂ ಎಲೆಯಡಿಕೆಯ ಕವಳ ಹಾಕುತ್ತಾ ಕೂತರು. ನಾನು ಟೀವಿ ಹಾಕಿದೆ. ಅವಳು ಬರುವ ಮೊದಲೇ ಅವಳ ಹೆಸರಿನಲ್ಲಿ ಹೊಸ ಪ್ರೊಫೈಲ್ ಮಾಡಿಟ್ಟಿದ್ದೆ, ಹಿಂದಿನ ಚಿತ್ರವನ್ನೇ ಹುಡುಕಿ ಹಾಕಿದ್ದೆ. ಹಳೆಯದು ಮರಳಿ ಬರುವುದಿಲ್ಲ. ಅವಳು ಇಷ್ಟು ದಿನ ಏನು ನೋಡಿದ್ದಳು, ಯಾವುದನ್ನು ಅರ್ಧಕ್ಕೆ ಬಿಟ್ಟಿದ್ದಳು, ಅದಕ್ಕೇನೂ ಗೊತ್ತಿಲ್ಲ. ಒತ್ತಿದ ಕೂಡಲೇ ಯಾರೋ ಹೊಸಬರು ಬಂದಂತೆ, ನಿಮಗೆ ಇಷ್ಟವಾದ ಮೂರನ್ನು ಆರಿಸಿ ಎಂದು ಪರದೆಯ ತುಂಬ ಚಿತ್ರಗಳನ್ನು ಹರಡಿತು.

ರಿಮೋಟನ್ನು ಅವಳ ಕೈಗೆ ಕೊಡಹೋದೆ. ಅವಳು ಎಲೆಗೆ ಸುಣ್ಣ ಸವರುತ್ತಿದ್ದವಳು ತಲೆಯೆತ್ತಲಿಲ್ಲ.

"ನೀನೇ ಆರ್ಸು ಅತ್ತಿಗೆ" ಎಂದಳು. "ಆನು ಎಂತ ನೋಡ್ತೆ ಹೇಳಿ ನಿಂಗೆ ಗೊತ್ತಿದ್ದಲೆ."

ಗಂಡ ನಮ್ಮಿಬ್ಬರ ತುಟಿಯನ್ನೂ ನೋಡುತ್ತಿದ್ದರು. ನಾನು ಟೀವಿಯ ಕಡೆ ತಿರುಗಿದೆ. ಒಂದೊಂದೇ ಚಿತ್ರದ ಮೇಲೆ ಹೋದೆ, ಸಾಲು ಮುಗಿದು ಇನ್ನೊಂದು ಸಾಲು ಬಂತು. ಅವಳಿಗೆ ನಗಿಸುವುದು ಹಿಡಿಸುತ್ತದೋ, ಅಳಿಸುವುದೋ, ಹಳೆಯದೋ, ಹೊಸದೋ, ನನಗೆ ಒಂದೂ ಗೊತ್ತಿರಲಿಲ್ಲ.